ಎಣ್ಣೆಗೆ ಬಿದ್ದ ಕಾದ ಗುಂಡು: ಮೈ ಆರಿದಾಗ ನಡುವೂ ಆರಿರುತ್ತದಾ?

ಕುಲುಮೆಯಿಂದ ಒಂದು ಉಕ್ಕಿನ ಗುಂಡನ್ನು ಇಕ್ಕಳದಲ್ಲಿ ಹಿಡಿದು ಹೊರಗೆ ತೆಗೆಯುತ್ತೀರಿ ಅಂದುಕೊಳ್ಳಿ. ವ್ಯಾಸ 12 ಮಿ.ಮೀ., ತೂಕ ಸುಮಾರು 7 ಗ್ರಾಂ. ಮೈಯೆಲ್ಲ ಕೆಂಡದ ಹಾಗೆ ಹೊಳೆಯುತ್ತಿದೆ, ಉಷ್ಣಾಂಶ 850 ಡಿಗ್ರಿ ಸೆಲ್ಸಿಯಸ್. ಅದನ್ನು 60 ಡಿಗ್ರಿಯಲ್ಲಿರುವ ಎಣ್ಣೆಗೆ ಬಿಡುತ್ತೀರಿ. ಚುರ್ ಅನ್ನುತ್ತದೆ, ಹೊಗೆ ಏಳುತ್ತದೆ, ಕೆಂಪು ಮಾಯವಾಗುತ್ತದೆ. ಹತ್ತು ಸೆಕೆಂಡ್ ಆದ ಮೇಲೆ ಗುಂಡು ಎಷ್ಟು ಬಿಸಿ ಇರುತ್ತದೆ?

ಇದಕ್ಕೆ ಉತ್ತರ ಹೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು. ಗುಂಡಿನ ಉಷ್ಣಾಂಶ ಅಂದರೆ ಯಾವುದು? ಮೈಯದಾ, ನಟ್ಟನಡುವಿನದಾ? ಎರಡೂ ಹೆಚ್ಚುಕಮ್ಮಿ ಒಂದೇ ಆಗಿದ್ದರೆ ಲೆಕ್ಕ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಇಲ್ಲದಿದ್ದರೆ ಆ ಒಂದು ಸಾಲು ನಮ್ಮನ್ನು ದಾರಿ ತಪ್ಪಿಸುತ್ತದೆ. ಒಂದೇ ಅಂತ ಹಿಡಿದು ಮಾಡುವ ಲೆಕ್ಕಕ್ಕೆ ಲಂಪ್ಡ್ ಅನಾಲಿಸಿಸ್ ಅಂತ ಹೆಸರು. ಹಾಗೆ ಹಿಡಿಯಬಹುದಾ ಇಲ್ವಾ ಅಂತ ಹೇಳುವುದು ಬಯೋಟ್ ನಂಬರ್.

ಹೀಗೆ ಕಾದ ಉಕ್ಕನ್ನು ದ್ರವಕ್ಕೆ ಬಿಟ್ಟು ಬೇಗ ಆರಿಸುವುದಕ್ಕೆ ಕ್ವೆಂಚಿಂಗ್ ಅನ್ನುತ್ತಾರೆ. ಅದರಲ್ಲಿ ಈ ಪ್ರಶ್ನೆ ಯಾಕೆ ಮುಖ್ಯ ಅಂದರೆ, ಉಕ್ಕಿನ ಗಡಸುತನ ನಿಂತಿರುವುದೇ ಅದು ಆರುವ ವೇಗದ ಮೇಲೆ. ಕೆಂಪಗೆ ಕಾದಾಗ ಉಕ್ಕಿನ ಒಳರಚನೆ ಆಸ್ಟೆನೈಟ್ ಆಗಿರುತ್ತದೆ. ನಿಧಾನವಾಗಿ ಆರಿದರೆ ಅದು ಪರ್ಲೈಟ್ ಆಗಿ ಮೆತ್ತಗಾಗುತ್ತದೆ. ಸಾಮಾನ್ಯ ಕಾರ್ಬನ್ ಉಕ್ಕಿನಲ್ಲಿ ಈ ಬದಲಾವಣೆ ಅತಿ ಬೇಗ ಶುರುವಾಗುವುದು 550 ಡಿಗ್ರಿ ಆಸುಪಾಸಿನಲ್ಲಿ. ಆ ಜಾಗವನ್ನು ಬೇಗ ದಾಟಿಸಿಬಿಟ್ಟರೆ ಪರ್ಲೈಟ್‌ಗೆ ಸಮಯವೇ ಸಿಗುವುದಿಲ್ಲ. ಆಸ್ಟೆನೈಟ್ ಕೆಳಗಿನ ಉಷ್ಣಾಂಶದವರೆಗೂ ಉಳಿದು, ಗಟ್ಟಿಯಾದ ಮಾರ್ಟೆನ್ಸೈಟ್ ಆಗುತ್ತದೆ. ಮೈ ಬೇಗ ದಾಟಿ ನಡು ಹಿಂದೆ ಉಳಿದರೆ, ಹೊರಗೆ ಗಟ್ಟಿ ಒಳಗೆ ಮೆತ್ತಗಿನ ಗುಂಡು ಕೈಗೆ ಬರುತ್ತದೆ.

ಗುಂಡಿನ ನಡುವಿನಲ್ಲಿರುವ ಶಾಖ ಎಣ್ಣೆಗೆ ಸೇರಬೇಕಾದರೆ ಎರಡು ಅಡ್ಡಿ ದಾಟಬೇಕು. ಮೊದಲನೆಯದು ಉಕ್ಕಿನೊಳಗಿನ ದಾರಿ, ನಡುವಿನಿಂದ ಮೈವರೆಗೆ. ಎರಡನೆಯದು ಮೈಯಿಂದ ಎಣ್ಣೆಗೆ ಹಾರುವ ಜಾಗ. ಕಾರ್ಯಕ್ರಮ ಮುಗಿದ ಒಂದು ದೊಡ್ಡ ಹಾಲ್ ನೆನಪಿಸಿಕೊಳ್ಳಿ. ಬಾಗಿಲು ಕಿರಿದಾಗಿದ್ದರೆ ಜನ ಹೊರಗೆ ಹೋಗುವುದು ನಿಧಾನ. ಅಷ್ಟರಲ್ಲಿ ಹಿಂದಿನವರು ಮುಂದೆ ಬಂದು, ಹಾಲಿನಲ್ಲಿ ಎಲ್ಲಾ ಕಡೆ ಒಂದೇ ಸಮ ಜನ ಇರುತ್ತಾರೆ. ಬಾಗಿಲು ತುಂಬಾ ಅಗಲವಾಗಿದ್ದು, ಕುರ್ಚಿಗಳ ನಡುವೆ ನಡೆಯುವುದೇ ಕಷ್ಟವಾಗಿದ್ದರೆ, ಬಾಗಿಲ ಹತ್ತಿರ ಖಾಲಿ, ಹಿಂದೆ ಮಾತ್ರ ಗಿಜಿಗಿಜಿ. ಗುಂಡಿನಲ್ಲೂ ಆಗುವುದು ಇದೇ. ಬಯೋಟ್ ನಂಬರ್ ಅಂದರೆ ಒಳಗಿನ ಅಡ್ಡಿ ಹೊರಗಿನ ಅಡ್ಡಿಯ ಎಷ್ಟು ಪಾಲು ಅನ್ನುವುದು, ಅಷ್ಟೇ. ಫ್ರಾನ್ಸಿನ ಭೌತವಿಜ್ಞಾನಿ ಝಾನ್ ಬಾಪ್ಟಿಸ್ಟ್ ಬಿಯೊ (1774–1862) ಅವರ ಹೆಸರು ಅದಕ್ಕಿದೆ. ನಮ್ಮ ಕ್ಲಾಸುಗಳಲ್ಲಿ ಬಯೋಟ್ ಅಂತಲೇ ರೂಢಿ.

```
Bi = h Lc / k
Lc = V / A = r / 3
```

ಇಲ್ಲಿ h ಅಂದರೆ ಮೈಯಿಂದ ಎಣ್ಣೆ ಎಷ್ಟು ಚುರುಕಾಗಿ ಶಾಖ ಎಳೆಯುತ್ತದೆ ಅನ್ನುವ ಅಳತೆ: ಒಂದು ಚದರ ಮೀಟರ್ ಮೈಯಿಂದ, ಒಂದು ಡಿಗ್ರಿ ವ್ಯತ್ಯಾಸಕ್ಕೆ ಎಷ್ಟು ವ್ಯಾಟ್. k ಅಂದರೆ ಉಕ್ಕು ತನ್ನೊಳಗೆ ಶಾಖ ಸಾಗಿಸುವ ಶಕ್ತಿ. Lc ಅಂದರೆ ಗುಂಡಿನ ಗಾತ್ರವನ್ನು ಅದರ ಮೇಲ್ಮೈಯಿಂದ ಭಾಗಿಸಿದಾಗ ಸಿಗುವ ಉದ್ದ. ನಮ್ಮ ಗುಂಡಿನ ತ್ರಿಜ್ಯ 6 ಮಿ.ಮೀ., ಹಾಗಾಗಿ Lc 2 ಮಿ.ಮೀ.

ಎರಡು ಕಡೆ ಎಡವುವುದು ತುಂಬಾ ಸುಲಭ, ಅದನ್ನು ಈಗಲೇ ಹೇಳಿಬಿಡುತ್ತೇನೆ. k ಉಕ್ಕಿನದು, ಎಣ್ಣೆಯದಲ್ಲ. ದ್ರವ ಶಾಖ ಎಳೆಯುವ ಲೆಕ್ಕದಲ್ಲಿ ಬರುವ ನಸೆಲ್ಟ್ ನಂಬರ್‌ನ ಸೂತ್ರವೂ ನೋಡಲು ಹೀಗೇ ಇದೆ, ಆದರೆ ಅಲ್ಲಿ k ದ್ರವದ್ದು. ಕಣ್ತಪ್ಪಿ ಎಣ್ಣೆಯ k ಹಾಕಿದರೆ ಉತ್ತರ ಇನ್ನೂರು ಪಟ್ಟಿಗೂ ಜಾಸ್ತಿ ಬರುತ್ತದೆ. ಎರಡನೆಯದು, ಉಕ್ಕಿನ k ಒಂದೇ ಸಮ ಇರುವುದಿಲ್ಲ. ತಣ್ಣಗಿರುವ ಸಾಮಾನ್ಯ ಕಾರ್ಬನ್ ಉಕ್ಕಿಗೆ ಮೀಟರಿಗೆ, ಡಿಗ್ರಿಗೆ 45ರಿಂದ 50 ವ್ಯಾಟ್ ಇರುತ್ತದೆ. ಕೆಂಪಗೆ ಕಾದಾಗ ಅದು 30ರ ಹತ್ತಿರಕ್ಕೆ ಇಳಿಯುತ್ತದೆ. ಪಟ್ಟಿಯಲ್ಲಿ ಕಾಣುವ ತಣ್ಣನೆಯ ಉಕ್ಕಿನ ಅಂಕಿ ಹಾಕಿದರೆ ಬಯೋಟ್ ನಂಬರ್ ಇರುವುದಕ್ಕಿಂತ ಚಿಕ್ಕದಾಗಿ, ಸಮಾಧಾನಕರವಾಗಿ ಕಾಣುತ್ತದೆ. ನಾನು 30 ಹಿಡಿಯುತ್ತೇನೆ.

h ಸದ್ಯಕ್ಕೆ 600 ಇರಲಿ. ಎಣ್ಣೆಗೆ ಇದೊಂದು ಸಾಧಾರಣ ಸರಾಸರಿ. ಆಗ Bi = 600 × 0.002 / 30 = 0.04.

0.1ಕ್ಕಿಂತ ಕಡಿಮೆ ಇದ್ದರೆ ಲಂಪ್ಡ್ ಲೆಕ್ಕ ನಡೆಯುತ್ತದೆ ಅನ್ನುವುದು ವಾಡಿಕೆ. ಈ 0.1 ದೇವರು ಬರೆದ ಗೆರೆಯಲ್ಲ. ಅದರ ಅರ್ಥ ಏನು ಅಂತ ಒಮ್ಮೆ ನೋಡೋಣ. ಗುಂಡಿನ ನಡು ಎಣ್ಣೆಗಿಂತ ಎಷ್ಟು ಜಾಸ್ತಿ ಬಿಸಿ ಇದೆಯೋ ಅದನ್ನು 100 ಪಾಲು ಅಂತ ಇಟ್ಟುಕೊಳ್ಳಿ. Bi ಸರಿಯಾಗಿ 0.1 ಇದ್ದಾಗ ಮೈ ಸುಮಾರು 86 ಪಾಲಿನಲ್ಲಿ ಇರುತ್ತದೆ. ಅಂದರೆ ಒಳಗೂ ಹೊರಗೂ 14 ಪಾಲಿನಷ್ಟು ವ್ಯತ್ಯಾಸ. ಗುಂಡಿನ ಸರಾಸರಿ ಉಷ್ಣಾಂಶ ಇವೆರಡರ ನಡುವೆ ಬರುವುದರಿಂದ ಲೆಕ್ಕದ ತಪ್ಪು ಅದಕ್ಕಿಂತ ಕಡಿಮೆ. ನಮ್ಮ 0.04ರಲ್ಲಿ ಈ ವ್ಯತ್ಯಾಸ 6 ಪಾಲಿಗೆ ಇಳಿಯುತ್ತದೆ. ಆರುವಿಕೆ ಜೋರಾಗಿರುವ ಮೊದಮೊದಲಲ್ಲಿ ಅದು ನಲವತ್ತು ಚಿಲ್ಲರೆ ಡಿಗ್ರಿ ಆಗಬಹುದು, ಆಮೇಲೆ ಕುಗ್ಗುತ್ತಾ ಹೋಗುತ್ತದೆ. 850 ಡಿಗ್ರಿಯ ಆಟದಲ್ಲಿ ಇಷ್ಟನ್ನು ಒಪ್ಪಿಕೊಳ್ಳಬಹುದು ಅನ್ನುವುದು ನನ್ನ ಅಭಿಪ್ರಾಯ.

ಒಪ್ಪಿಕೊಂಡ ಮೇಲೆ ಉಳಿದದ್ದು ತುಂಬಾ ಸರಳ. ಗುಂಡು ಕಳೆದುಕೊಳ್ಳುವ ಶಾಖ ಎಷ್ಟೋ, ಎಣ್ಣೆ ಎಳೆದುಕೊಳ್ಳುವುದೂ ಅಷ್ಟೇ. ಎಣ್ಣೆ ಎಷ್ಟು ಎಳೆಯುತ್ತದೆ ಅನ್ನುವುದು ಗುಂಡಿಗೂ ಎಣ್ಣೆಗೂ ಇರುವ ವ್ಯತ್ಯಾಸದ ಮೇಲೆ ನಿಂತಿದೆ. ವ್ಯತ್ಯಾಸ ಕಡಿಮೆಯಾದಂತೆ ಎಳೆತವೂ ಕಡಿಮೆ. ಅದಕ್ಕೇ ಗುಂಡು ಮೊದಲು ದಡದಡ ಆರಿ, ಆಮೇಲೆ ನಿಧಾನವಾಗುತ್ತದೆ.

```
(T - 60) / (850 - 60) = exp(-t / τ)
τ = ρ c Lc / h
```

ಸಾಂದ್ರತೆ ρ 7800, ವಿಶಿಷ್ಟ ಶಾಖ c ಸರಾಸರಿ 600 ಅಂತ ಹಿಡಿದರೆ ρ c Lc = 9360. ಇದನ್ನು h ಅಂದರೆ 600ರಿಂದ ಭಾಗಿಸಿದರೆ τ = 15.6 ಸೆಕೆಂಡ್. ಇದೇ ಟೈಮ್ ಕಾನ್‌ಸ್ಟೆಂಟ್. ಪ್ರತಿ 15.6 ಸೆಕೆಂಡಿಗೆ ವ್ಯತ್ಯಾಸ ಸುಮಾರು 37 ಶೇಕಡಕ್ಕೆ ಇಳಿಯುತ್ತದೆ ಅಂತ ಅರ್ಥ. ಮೊದಲು ಕೇಳಿದ ಪ್ರಶ್ನೆಗೆ ಈಗ ಉತ್ತರ ಸಿಗುತ್ತದೆ: ಹತ್ತು ಸೆಕೆಂಡ್ ಆದಾಗ ಗುಂಡು ಸುಮಾರು 476 ಡಿಗ್ರಿಯಲ್ಲಿರುತ್ತದೆ. 550ನ್ನು ಅದು ಏಳೂವರೆ ಸೆಕೆಂಡಿಗೆ ದಾಟಿರುತ್ತದೆ. ಬಿದ್ದ ಆ ಕ್ಷಣದಲ್ಲಿ ಆರುವ ವೇಗ ಸೆಕೆಂಡಿಗೆ 50 ಡಿಗ್ರಿ, ಹೊರಹೋಗುವ ಶಾಖ 214 ವ್ಯಾಟ್. ಏಳು ಗ್ರಾಂ ಗುಂಡಿಗೆ ಇದು ಕಡಿಮೆಯೇನಲ್ಲ!

ಇದೇ ಲೆಕ್ಕ ಗುಂಡು ಎಣ್ಣೆಗೆ ಬೀಳುವ ಮೊದಲೂ ಉಪಯೋಗಕ್ಕೆ ಬರುತ್ತದೆ. ಕುಲುಮೆ ಬಾಗಿಲಿನಿಂದ ತೊಟ್ಟಿಯವರೆಗೆ ಬರುವಾಗ ಗುಂಡು ಗಾಳಿಯಲ್ಲಿ ಇರುತ್ತದೆ ಅಲ್ವಾ? ಅಷ್ಟು ಕಾದ ಗುಂಡಿನಿಂದ ಬೆಳಕಿನಂತೆ ಹೊಮ್ಮುವ ಶಾಖವೇ ಜಾಸ್ತಿ. ಅದನ್ನೂ ಗಾಳಿಯ ಪಾಲನ್ನೂ ಕೂಡಿಸಿದರೆ h ಸುಮಾರು 100 ಬರುತ್ತದೆ, ಟೈಮ್ ಕಾನ್‌ಸ್ಟೆಂಟ್ 94 ಸೆಕೆಂಡ್. ಮೂರು ಸೆಕೆಂಡ್ ತಡವಾದರೆ ಸುಮಾರು 26 ಡಿಗ್ರಿ ಹೋಯಿತು. ಗುಂಡು 850ಕ್ಕೆ ಎಣ್ಣೆ ಮುಟ್ಟಬೇಕು ಅಂದರೆ ಕುಲುಮೆಯಲ್ಲಿ ಅದಕ್ಕಿಂತ ಜಾಸ್ತಿ ಇರಬೇಕು, ಇಲ್ಲವೇ ಕೈ ಚುರುಕಾಗಿರಬೇಕು. ಚಿಕ್ಕ ಗುಂಡುಗಳಿಗೆ ಈ ಪೆಟ್ಟು ಇನ್ನೂ ಜೋರು, ಯಾಕೆಂದರೆ Lc ಚಿಕ್ಕದಾದಷ್ಟು τ ಕೂಡ ಚಿಕ್ಕದು.

ಇಲ್ಲಿಯವರೆಗೆ ಎಲ್ಲಾ ಸಲೀಸು. ಈಗ ನಿಜವಾದ ತೊಡಕಿಗೆ ಬರೋಣ. ಲಂಪ್ಡ್ ಲೆಕ್ಕ ಕಲಿತವರಲ್ಲಿ ಹೆಚ್ಚಿನವರು Bi 0.1ಕ್ಕಿಂತ ಕಡಿಮೆ ಬಂತು ಅಂತ ನೋಡಿ ನಿಶ್ಚಿಂತರಾಗುತ್ತಾರೆ. ಆದರೆ ಆ Bi ಬಂದದ್ದು h 600 ಅಂತ ನಾವೇ ಹಿಡಿದಿದ್ದರಿಂದ. ಕ್ವೆಂಚಿಂಗ್‌ನಲ್ಲಿ h ಒಂದು ಕಡೆ ನಿಲ್ಲುವುದೇ ಇಲ್ಲ.

ಕಾದ ಗುಂಡು ಎಣ್ಣೆಗೆ ಬಿದ್ದ ಕೂಡಲೇ ಅದರ ಸುತ್ತಲಿನ ಎಣ್ಣೆ ಆವಿಯಾಗಿ ಗುಂಡಿಗೆ ಕಂಬಳಿ ಹೊದಿಸಿದ ಹಾಗೆ ಕೂರುತ್ತದೆ. ದ್ರವ ಗುಂಡನ್ನು ಮುಟ್ಟುವುದೇ ಇಲ್ಲ. ಆವಿಯ ಮೂಲಕ ಶಾಖ ಹೋಗಬೇಕು, ಹಾಗಾಗಿ h ಕಡಿಮೆ. ಗುಂಡು ಸ್ವಲ್ಪ ಆರಿದ ಮೇಲೆ ಈ ಕಂಬಳಿ ನಿಲ್ಲಲಾರದೆ ಹರಿಯುತ್ತದೆ. ದ್ರವ ನುಗ್ಗಿ ಮೈಯನ್ನು ಮುಟ್ಟುತ್ತದೆ, ಕುದಿಯುತ್ತದೆ, ಗುಳ್ಳೆಗಳು ಶಾಖ ಹೊತ್ತುಕೊಂಡು ಓಡುತ್ತವೆ. h ಒಮ್ಮೆಲೇ ಹಲವು ಪಟ್ಟು ಏರುತ್ತದೆ. ಮೈ ಎಣ್ಣೆಯ ಕುದಿಬಿಂದುವಿಗಿಂತ ಕೆಳಗಿಳಿದ ಮೇಲೆ ಕುದಿತ ನಿಂತು, ಬರೀ ಎಣ್ಣೆಯ ಓಡಾಟ ಉಳಿಯುತ್ತದೆ. ಆಗ h ಮತ್ತೆ ಇಳಿಯುತ್ತದೆ.

ಇದನ್ನು ಅದೇ ಗುಂಡಿನ ಮೇಲೆ ಇಟ್ಟು ನೋಡೋಣ. ಅಂಕಿಗಳು ನಾನು ಲೆಕ್ಕಕ್ಕೆ ಆರಿಸಿಕೊಂಡವು, ಯಾವುದೇ ನಿರ್ದಿಷ್ಟ ಎಣ್ಣೆಯವಲ್ಲ. 850ರಿಂದ 700ರವರೆಗೆ ಆವಿಯ ಕಂಬಳಿ, h 250. 700ರಿಂದ 400ರವರೆಗೆ ಕುದಿತ, h 1500. ಅದರ ಕೆಳಗೆ ಬರೀ ಓಡಾಟ, h 300. ಪ್ರತಿ ತುಂಡಿನಲ್ಲೂ h ಬದಲಾಗದ್ದರಿಂದ, ತುಂಡು ತುಂಡಾಗಿ ಅದೇ ಸೂತ್ರ ಹಾಕಬಹುದು.

ಮೊದಲ ತುಂಡಿನಲ್ಲಿ τ 37.4 ಸೆಕೆಂಡ್. 700ಕ್ಕೆ ಇಳಿಯಲು 7.9 ಸೆಕೆಂಡ್ ಬೇಕು. ಸರಾಸರಿ 600 ಹಿಡಿದ ಲೆಕ್ಕ ಇದೇ ಇಳಿತಕ್ಕೆ 3.3 ಸೆಕೆಂಡ್ ಅಂತ ಹೇಳಿತ್ತು. ಎರಡನೇ ತುಂಡಿನಲ್ಲಿ τ ಬರೀ 6.2 ಸೆಕೆಂಡ್. 300 ಡಿಗ್ರಿಯ ಇಳಿತ ನಾಲ್ಕೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಮೂರನೇ ತುಂಡಿನಲ್ಲಿ 400ರಿಂದ 200ಕ್ಕೆ ಬರಲು ಸುಮಾರು 28 ಸೆಕೆಂಡ್.

ಈಗ 550ರ ಆಸುಪಾಸನ್ನು ನೋಡಿ. ಸರಾಸರಿ ಲೆಕ್ಕದಲ್ಲಿ ಗುಂಡು ಅಲ್ಲಿಗೆ ಏಳೂವರೆ ಸೆಕೆಂಡಿಗೆ ಬರುತ್ತದೆ. ತುಂಡು ಲೆಕ್ಕದಲ್ಲಿ ಅಷ್ಟು ಹೊತ್ತಿಗೆ ಅದು ಇನ್ನೂ 700ನ್ನೇ ದಾಟಿಲ್ಲ. ಆದರೆ ಒಮ್ಮೆ ಕುದಿತ ಹಿಡಿದ ಮೇಲೆ ಎರಡೇ ಸೆಕೆಂಡಿಗೆ ಅಲ್ಲಿಗೆ ತಲುಪುತ್ತದೆ. ಆವಿಯ ಕಂಬಳಿ ಎಷ್ಟು ಹೊತ್ತು ಉಳಿಯುತ್ತದೆ ಅನ್ನುವುದರ ಮೇಲೆ ಇಡೀ ಫಲಿತಾಂಶ ನಿಂತಿದೆ. ತೊಟ್ಟಿಯಲ್ಲಿ ಎಣ್ಣೆಯನ್ನು ಕಲಕುತ್ತಾ ಇರುವುದು, ಗುಂಡನ್ನು ಸುಮ್ನೆ ಒಂದು ಕಡೆ ಬಿಡದೆ ಆಡಿಸುವುದು ಇದಕ್ಕೇ. ಕಂಬಳಿ ಬೇಗ ಹರಿಯಬೇಕು.

ಇನ್ನೊಂದು ವಿಷಯ ಗಮನಿಸಿ. ಕುದಿತದ ತುಂಡಿನಲ್ಲಿ Bi = 1500 × 0.002 / 30 = 0.1. ಸರಾಸರಿ ಲೆಕ್ಕದಲ್ಲಿ ಆರಾಮವಾಗಿದ್ದ ಗುಂಡು, ಗಡಸುತನ ತೀರ್ಮಾನವಾಗುವ ಆ ನಾಲ್ಕು ಸೆಕೆಂಡಿನಲ್ಲೇ ಗೆರೆಯ ಮೇಲೆ ಬಂದು ನಿಂತಿದೆ. ನೀರಾದರೆ ಕತೆ ಇನ್ನೂ ಬೇರೆ. ಕುದಿತದ ತುದಿಯಲ್ಲಿ ನೀರಿಗೆ h 10,000 ದಾಟಬಹುದು. ಆಗ ಇದೇ ಗುಂಡಿಗೆ Bi 0.67. ಒಂದೇ ಗುಂಡು, ಒಂದೇ ತೊಟ್ಟಿ, ಕೆಲವೇ ಸೆಕೆಂಡುಗಳ ಒಳಗೆ ಲಂಪ್ಡ್ ಲೆಕ್ಕ ಸರಿಯೂ ಹೌದು, ತಪ್ಪೂ ಹೌದು. ಆದ್ದರಿಂದ Bi ತೆಗೆಯುವಾಗ ಸರಾಸರಿ h ಸಾಲದು. ಅತಿ ಹೆಚ್ಚು ಇರುವ h ಹಾಕಿ ಒಮ್ಮೆ ನೋಡಿಕೊಳ್ಳಬೇಕು.

ಇದನ್ನೆಲ್ಲ ಕಣ್ಣಾರೆ ನೋಡಲು ಒಂದು ಒಳ್ಳೆಯ ದಾರಿ ಇದೆ. ಗುಂಡಿನ ನಡುವಿನವರೆಗೆ ತೂತು ಕೊರೆದು ಒಂದು ಸಣ್ಣ ಥರ್ಮೊಕಪಲ್ ಕೂರಿಸಿ. ಕಾಯಿಸಿ, ಎಣ್ಣೆಗೆ ಬಿಟ್ಟು, ಉಷ್ಣಾಂಶವನ್ನು ಸೆಕೆಂಡಿಗೆ ಹತ್ತಾರು ಸಲ ದಾಖಲಿಸಿ. ಆಮೇಲೆ ನೇರ ಉಷ್ಣಾಂಶದ ಬದಲು, (T - 60) / 790 ಅನ್ನುವುದರ ನ್ಯಾಚುರಲ್ ಲಾಗರಿದಮ್ ತೆಗೆದು ಕಾಲದ ಎದುರು ಬಿಡಿಸಿ. ಲಂಪ್ಡ್ ಲೆಕ್ಕ ಸರಿ ಇದ್ದು h ಬದಲಾಗದಿದ್ದರೆ ನೇರ ಗೆರೆ ಬರಬೇಕು. ಗೆರೆಯ ಇಳಿಜಾರು ಅಂದರೆ 1/τ, ಅದರಿಂದ h ಸಿಕ್ಕಿಬಿಡುತ್ತದೆ. ನಿಜವಾಗಿ ಸಿಗುವುದು ಮೂರು ತುಂಡಿನ ಗೆರೆ: ಮೊದಲು ನಿಧಾನದ ಇಳಿಜಾರು, ಆಮೇಲೆ ಕಡಿದಾದದ್ದು, ಕೊನೆಗೆ ಮತ್ತೆ ನಿಧಾನ. ಮೊದಲ ಮುರಿವು ಕಂಡಲ್ಲಿ ಕಂಬಳಿ ಹರಿದಿದೆ.

ಈ ಗೆರೆ ಓದುವಾಗ ಒಂದು ಎಚ್ಚರಿಕೆ ಬೇಕು. ಶುರುವಿನಲ್ಲಿ ಗೆರೆ ಚಪ್ಪಟೆ ಕಂಡರೆ ಅದು ಆವಿಯ ಕಂಬಳಿಯೇ ಆಗಿರಬೇಕಿಲ್ಲ. ಮೈ ಆರಲು ಶುರುವಾದ ಸುದ್ದಿ ನಡುವಿಗೆ ಮುಟ್ಟಲೂ ಹೊತ್ತು ಬೇಕು. 12 ಮಿ.ಮೀ. ಉಕ್ಕಿನ ಗುಂಡಿನಲ್ಲಿ ಅದಕ್ಕೆ ಸುಮಾರು ಒಂದು ಸೆಕೆಂಡ್. ಚಪ್ಪಟೆ ಅಷ್ಟರಲ್ಲೇ ಮುಗಿದರೆ ಅದು ಉಕ್ಕಿನೊಳಗಿನ ತಡ. ಐದಾರು ಸೆಕೆಂಡ್ ನಿಧಾನವಾಗಿಯೇ ಹೋದರೆ ಅದು ಕಂಬಳಿ. ಹಾಗೇ ನಡುವೆ ಒಂದು ಕಡೆ ಗೆರೆ ಇದ್ದಕ್ಕಿದ್ದಂತೆ ಕುಂಟಿದರೆ, ಒಳರಚನೆ ಬದಲಾಗುವಾಗ ಉಕ್ಕು ತಾನೇ ಬಿಡುವ ಶಾಖ ಅಲ್ಲಿ ಕಾಣುತ್ತಿದೆ. ನಮ್ಮ ಸರಳ ಸೂತ್ರದಲ್ಲಿ ಇದಕ್ಕೆ ಜಾಗವಿಲ್ಲ, c ಒಂದೇ ಸಮ ಅಂತ ಹಿಡಿದಿದ್ದೇವೆ.

ಎಣ್ಣೆಗಳನ್ನು ಹೋಲಿಸುವ ISO 9950 ಪರೀಕ್ಷೆಯೂ ಇದೇ ಜಾಡಿನದು. ಅದರಲ್ಲಿ ಗುಂಡಿನ ಬದಲು 12.5 ಮಿ.ಮೀ. ವ್ಯಾಸದ ಇಂಕೊನೆಲ್ 600 ಅನ್ನುವ ನಿಕಲ್ ಮಿಶ್ರಲೋಹದ ಸರಳು, ನಡುವಿನಲ್ಲಿ ಥರ್ಮೊಕಪಲ್. ಇಂಕೊನೆಲ್ ಶಾಖ ಸಾಗಿಸುವುದರಲ್ಲಿ ಮಂದ, ಹಾಗಾಗಿ ಅಲ್ಲಿ ಕಾಣುವ ಗೆರೆ ನಡುವಿನದು, ಮೈಯದಲ್ಲ ಅಂತ ನೆನಪಿಟ್ಟುಕೊಂಡೇ ಓದಬೇಕು. ನಿಮಗೆ ಬೇಕಾದ್ದು ಬರೀ h ಆಗಿದ್ದರೆ ಬೆಳ್ಳಿ ಇನ್ನೂ ಒಳ್ಳೆಯದು. ಅದರ k ಕಾದ ಉಕ್ಕಿನ ಹತ್ತು ಪಟ್ಟಿಗೂ ಮಿಗಿಲು. ನಡುವೂ ಮೈಯೂ ಜೊತೆಜೊತೆಗೆ ಇಳಿಯುತ್ತವೆ.

ಕೊನೆಗೆ, ಲಂಪ್ಡ್ ಲೆಕ್ಕ ಕೈಕೊಟ್ಟರೆ ಎಷ್ಟು ಕೈಕೊಡುತ್ತದೆ ಅಂತ ನೋಡೋಣ. ಗುಂಡು 60 ಮಿ.ಮೀ.ನದು ಇರಲಿ, ಉಳಿದದ್ದೆಲ್ಲ ಅದೇ, h ಮತ್ತೆ 600. Lc ಈಗ 10 ಮಿ.ಮೀ., Bi 0.2. ಗೆರೆ ದಾಟಿದೆ. ಆದರೂ ಹಟ ಹಿಡಿದು ಲಂಪ್ಡ್ ಸೂತ್ರ ಹಾಕಿದರೆ τ 78 ಸೆಕೆಂಡ್. ಒಂದು ನಿಮಿಷದ ಮೇಲೆ ಗುಂಡು 426 ಡಿಗ್ರಿ ಅನ್ನುತ್ತದೆ. ಸರಿ, 550 ದಾಟಿತು ಅಂದುಕೊಳ್ಳುತ್ತೇವೆ.

ಒಳಗಿನ ಶಾಖದ ಹರಿವನ್ನೂ ಸೇರಿಸಿ, ಗೋಳಕ್ಕಿರುವ ಸರಣಿಯ ಮೊದಲ ಪದ ಹಿಡಿದು ಲೆಕ್ಕ ಮಾಡಿದರೆ ಬೇರೆಯೇ ಚಿತ್ರ ಬರುತ್ತದೆ. ಈ ಲೆಕ್ಕಕ್ಕೆ ಬೇಕಾದ ಅಂಕಿಗಳನ್ನು ಕೊಡುವ ಕೋಷ್ಟಕಗಳಲ್ಲಿ ಬಯೋಟ್ ನಂಬರಿಗೆ Lc ಬದಲು ಪೂರ್ತಿ ತ್ರಿಜ್ಯ ಹಾಕುತ್ತಾರೆ. ಹಾಗಾಗಿ ಅಲ್ಲಿ ನೋಡಬೇಕಾದ್ದು 0.2ರ ಸಾಲನ್ನಲ್ಲ, 0.6ರ ಸಾಲನ್ನು. ಇಲ್ಲಿ ತಪ್ಪಿದರೆ ಉತ್ತರ ತಪ್ಪಾಗಿದೆ ಅಂತ ಗೊತ್ತೂ ಆಗುವುದಿಲ್ಲ. ಕೆಳಗಿನ ζ ಮತ್ತು C ಆ ಸಾಲಿನಲ್ಲಿ ಸಿಗುವ ಅಂಕಿಗಳು. Fo ಅಂದರೆ ಗುಂಡಿನ ಅಳತೆಗೆ ಹೋಲಿಸಿ ನೋಡಿದ ಕಾಲ, ಅದರಲ್ಲಿನ α ಅಂದರೆ k ಅನ್ನು ρ c ಇಂದ ಭಾಗಿಸಿದ್ದು.

```
Bi (r) = 600 × 0.03 / 30 = 0.6
ζ = 1.2644, C = 1.1713
Fo = α t / r² = 0.427   (t = 60 s)
ನಡು: C exp(-ζ² Fo) = 0.59  →  527 °C
ಮೈ: 0.59 × sin ζ / ζ = 0.446  →  412 °C
```

ಒಂದು ನಿಮಿಷದ ಮೇಲೆ ಮೈ 412, ನಡು 527. ಲಂಪ್ಡ್ ಲೆಕ್ಕದ 426 ಮೈಗೆ ಹತ್ತಿರವಿದೆ, ನಡುವಿಗೆ 100 ಡಿಗ್ರಿ ದೂರ. ನಡು 550ನ್ನು ದಾಟಿದ್ದು ಈಗಷ್ಟೇ, ಅದಕ್ಕೆ ಒಂದು ನಿಮಿಷದ ಹತ್ತಿರ ಹಿಡಿದಿದೆ. ಸಾಮಾನ್ಯ ಕಾರ್ಬನ್ ಉಕ್ಕಿಗೆ ಇದು ತೀರಾ ತಡ, ಅಲ್ಲಿ ಪರ್ಲೈಟ್ ಆಗಲೇ ಕೂತಿರುತ್ತದೆ. ಇದೇ ಹೊತ್ತಿನಲ್ಲಿ ಗುಂಡನ್ನು ಎಣ್ಣೆಯಿಂದ ಎತ್ತಿದರೆ, ನಡುವಿನಲ್ಲಿ ಉಳಿದ ಬಿಸಿ ಹೊರಗೆ ಹರಿದು ಮೈ ಮತ್ತೆ ಕಾಯುತ್ತದೆ. ತೊಟ್ಟಿಯಿಂದ ತೆಗೆದ ದೊಡ್ಡ ಗುಂಡಿನ ಮೈಗೆ ಅಂಟಿದ ಎಣ್ಣೆ ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹೊಗೆಯಾಡಲು ಶುರುವಾದರೆ, ಒಳಗೆ ಇನ್ನೂ ಬಿಸಿ ಇತ್ತು ಅಂತಲೇ ಅರ್ಥ.

h 600 ಇರುವ ಎಣ್ಣೆಯಲ್ಲಿ ಗೆರೆ ಬೀಳುವುದು 30 ಮಿ.ಮೀ. ವ್ಯಾಸಕ್ಕೆ. ಕುದಿತದ 1500ಕ್ಕೆ ಅದು 12 ಮಿ.ಮೀ.ಗೆ ಇಳಿಯುತ್ತದೆ. ನೀರಿಗೆ 5000 ಅಂತ ಹಿಡಿದರೂ ಸಾಕು, 3.6 ಮಿ.ಮೀ.ಗಿಂತ ದೊಡ್ಡ ಗುಂಡಿಗೆ ನಡುವಿನ ಲೆಕ್ಕ ಬೇರೆಯೇ ಮಾಡಬೇಕು.